ಇಂಚು, ಸೆಂಟ್ ಮತ್ತು ಕಡಂಗದ ಅಕ್ಕ

ಕೊಡಗಿನಲ್ಲಿ ‘ನಿಮ್ಮಲ್ಲಿ ಮಳೆ ಎಷ್ಟಾಯ್ತು?’ ಅಂತ ಯಾರಾದರೂ ಕೇಳಿದರೆ, ‘ಜೋರಾಗಿ ಬಂತು’ ಅಂದರೆ ಸಾಲದು. ಕೇಳಿದವರು ಅಂಕಿಗಾಗಿ ಕಾಯುತ್ತಾ ನಿಂತಿರುತ್ತಾರೆ. ಇಲ್ಲಿಯ ತೋಟದವರು ಮಳೆಯನ್ನು ಇಂಚಿನಲ್ಲಿ ಹೇಳುತ್ತಾರೆ. ಇಂಚಿನ ನೂರನೇ ಒಂದು ಪಾಲು ಒಂದು ಸೆಂಟ್. ‘ನಿನ್ನೆ ಎರಡು ಇಂಚು ಹತ್ತು ಸೆಂಟ್’ ಅಂತ, ಸಂತೆಯ ತರಕಾರಿ ರೇಟು ಹೇಳಿದಷ್ಟು ಸಲೀಸಾಗಿ ಹೇಳುತ್ತಾರೆ. ತುಮಕೂರು ಕಡೆಯಿಂದ ಬಂದ ನನಗೆ ಇದು ಹೊಸದು. ನಮ್ಮಲ್ಲಿ ಮಳೆ ಬಂತು ಅನ್ನುವುದೇ ದೊಡ್ಡ ಸುದ್ದಿ, ಎಷ್ಟು ಅಂತ ಅಳೆಯುವವರು ಕಮ್ಮಿ.

ನಾನು ವಿರಾಜಪೇಟೆ ಹತ್ತಿರದ ಒಂದು ಹೈಸ್ಕೂಲಿಗೆ ಗಣಿತದ ಟೀಚರಾಗಿ ಬಂದ ಮೊದಲ ಮಳೆಗಾಲ ಅದು. ಜುಲೈ ತಿಂಗಳು. ಮಡಿಕೇರಿಯಲ್ಲಿ ತರಬೇತಿ ಮುಗಿಸಿ ಸಂಜೆ ವಿರಾಜಪೇಟೆ ಬಸ್ಸು ಹತ್ತಿದೆ. ಮೇಕೇರಿ ದಾಟಿ, ಮೂರ್ನಾಡು ದಾಟಿ, ಬೇತ್ರಿ ಸೇತುವೆ ಇನ್ನೂ ಸ್ವಲ್ಪ ದೂರ ಇರುವಾಗ ಬಸ್ಸು ನಿಂತಿತು. ಮುಂದೆ ದೊಡ್ಡದೊಂದು ಸಿಲ್ವರ್ ಓಕ್ ಮರ ರಸ್ತೆಗೆ ಅಡ್ಡ ಬಿದ್ದಿತ್ತು. ಬರೀ ಮರ ಆಗಿದ್ದರೆ ಮೆಷಿನ್ ಗರಗಸ ತಂದು ಬೇಗ ತುಂಡು ಮಾಡುತ್ತಿದ್ದರು. ಆದರೆ ಬೀಳುವಾಗ ಅದು ಕರೆಂಟ್ ತಂತಿಯನ್ನೂ ಎಳೆದುಕೊಂಡು ಬಿದ್ದಿತ್ತು. ಲೈನ್ ಆಫ್ ಆಗಿದೆ ಅಂತ ಖಾತ್ರಿ ಆಗುವವರೆಗೆ ಮರ ಮುಟ್ಟುವ ಹಾಗಿಲ್ಲ. ಡ್ರೈವರ್ ಇಂಜಿನ್ ನಿಲ್ಲಿಸಿ, ‘ಎರಡು ಗಂಟೆಯಾದ್ರೂ ಬೇಕು’ ಅಂದರು.

ನನ್ನ ಪಕ್ಕದ ಸೀಟಿನಲ್ಲಿ ಅರವತ್ತು ದಾಟಿದ ಒಬ್ಬ ಹೆಂಗಸು ಕೂತಿದ್ದರು. ಕಾಲಿನ ಹತ್ತಿರ ಪ್ಲಾಸ್ಟಿಕ್ ಚೀಲದಲ್ಲಿ ಮೈಲುತುತ್ತು. ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಕಾಳುಮೆಣಸಿನ ಬಳ್ಳಿಗೆ ಬೋರ್ಡೋ ದ್ರಾವಣ ಹೊಡೆಯಲು ತಗೊಂಡು ಹೊರಟಿದ್ದರು. ಬಸ್ಸು ನಿಂತ ಕೂಡಲೇ ಅವರು ಕೈಚೀಲದಿಂದ ಒಂದು ಚಿಕ್ಕ ನೋಟ್‌ಬುಕ್ ತೆಗೆದು ಹಿಂದಿನ ಸೀಟಿನವರನ್ನು ಕೇಳಿದರು.

‘ನಿಮ್ಮಲ್ಲಿ ಎಷ್ಟಾಯ್ತು?’

‘ಮೂರು ಇಂಚು ಮೇಲೆ. ನಿಮ್ಮಲ್ಲಿ?’

‘ಒಂದು ಇಪ್ಪತ್ತು’ ಅಂದರು ಅವರು. ಹೇಳುವಾಗ ದನಿ ಇಳಿದಿತ್ತು.

ಆಮೇಲೆ ನನ್ನ ಕಡೆ ತಿರುಗಿ, ‘ನೀವು ಯಾವ ಕಡೆ?’ ಅಂದರು. ಹೇಳಿದೆ. ಟೀಚರ್ ಅಂತ ಗೊತ್ತಾದ ಮೇಲೆ ‘ಟೀಚರೇ’ ಅಂತಲೇ ಕರೆದರು. ನಾನು ಅಕ್ಕ ಅಂದೆ. ಇಬ್ಬರ ಹೆಸರೂ ಗೊತ್ತಾಗುವ ಮುಂಚೆ ಮಳೆಯ ಮಾತು ಶುರುವಾಗಿತ್ತು. ಅವರದು ಕಡಂಗದ ಕಡೆ ಸ್ವಲ್ಪ ರೋಬಸ್ಟಾ ಕಾಫಿ ತೋಟ, ಒಂದು ಗದ್ದೆ. ಯಜಮಾನರು ತೀರಿಕೊಂಡಿದ್ದಾರೆ, ಮಗ ಬೆಂಗಳೂರಿನಲ್ಲಿ. ಮಾವನ ಕಾಲದಿಂದ ಮನೆಯಲ್ಲಿ ಮಳೆ ಪುಸ್ತಕ ಇದೆಯಂತೆ. ದಿನಾ ಬೆಳಿಗ್ಗೆ ಎಂಟು ಗಂಟೆಗೆ ಅಂಗಳದ ಮಳೆಮಾಪಕದ ನೀರು ಅಳೆದು ಬರೆಯುವುದು. ಹಿಂದಿನ ಬೆಳಿಗ್ಗೆಯಿಂದ ಈ ಬೆಳಿಗ್ಗೆಯವರೆಗೆ ಬಿದ್ದದ್ದೆಲ್ಲ ಈ ದಿನದ ತಾರೀಖಿಗೆ. ಈ ನಿಯಮ ಬಿಟ್ಟರೆ ರಾತ್ರಿ ಮಳೆ ಯಾವ ದಿನದ್ದು ಅನ್ನುವುದೇ ಗೊಂದಲ ಅಂತ ವಿವರಿಸಿದರು.

‘ಹೋದ ವರ್ಷದಿಂದ ನಮ್ಮ ತೋಟಕ್ಕೆ ಮಾತ್ರ ಮಳೆ ಕಮ್ಮಿ ಆಗಿದೆ ಟೀಚರೇ’ ಅಂದರು. ‘ಗದ್ದೆಯ ಆಚೆ ದಡದಲ್ಲಿ ಮೂರು ಇಂಚು ಬಿದ್ದರೆ ನಮ್ಮಲ್ಲಿ ಒಂದೂಕಾಲು ಇಂಚೂ ಇಲ್ಲ. ಮೇಲಿನ ಗುಡ್ಡದಲ್ಲಿ ಮರ ಕಡಿದರಲ್ಲ, ಅದಕ್ಕೇ ಇರಬೇಕು.’

ಇದು ಅಸಾಧ್ಯ ಅಂತ ನನಗೆ ಅನ್ನಿಸಲಿಲ್ಲ. ಕೊಡಗಿನಲ್ಲಿ ಮಳೆ ಊರಿಂದ ಊರಿಗೆ ಬೇರೆಯೇ. ಪಶ್ಚಿಮದ ಭಾಗಮಂಡಲದಲ್ಲಿ ಸುರಿಯುವ ಮಳೆಯ ಸಣ್ಣ ಪಾಲು ಮಾತ್ರ ಪೂರ್ವದ ಕುಶಾಲನಗರಕ್ಕೆ ಸಿಗುತ್ತದೆ. ಆದರೆ ಒಂದು ಗದ್ದೆಯ ಎರಡು ದಡಕ್ಕೆ ಇಷ್ಟು ವ್ಯತ್ಯಾಸವೇ? ನೋಟ್‌ಬುಕ್ ಕೇಳಿ ಇಸಕೊಂಡೆ. ಅಕ್ಕ ತಮ್ಮ ಅಂಕಿಯ ಪಕ್ಕದಲ್ಲೇ ಆಚೆ ದಡದ ಅಂಕಿಯನ್ನೂ ಬರೆದಿಟ್ಟಿದ್ದರು. ನಿನ್ನೆಯದು ಅವರಲ್ಲಿ 1.20, ಆಚೆ 3.10. ಅದರ ಹಿಂದಿನ ದಿನ 1.80, ಆಚೆ 4.60. ಮಳೆ ಕಡಿಮೆ ಇದ್ದ ಇನ್ನೊಂದು ದಿನ 0.35, ಆಚೆ 0.90. ಬೇರೆ ಕೆಲಸ ಇರಲಿಲ್ಲ. ಬಸ್ ಟಿಕೆಟಿನ ಹಿಂದೆ ಭಾಗಿಸುತ್ತಾ ಕೂತೆ. ಎಲ್ಲಿ ಭಾಗಿಸಿದರೂ ಎರಡೂವರೆಗೆ ಸ್ವಲ್ಪ ಮೇಲೆ. ಜೋರು ಮಳೆಗೂ ಅದೇ, ಹನಿ ಮಳೆಗೂ ಅದೇ.

ಮಳೆ ನಿಜವಾಗಿ ಕಮ್ಮಿ ಬೀಳುತ್ತಿದ್ದರೆ ಹೀಗಾಗುವುದಿಲ್ಲ. ಒಂದು ದಿನ ಅರ್ಧ ಬೀಳುತ್ತದೆ, ಒಂದು ದಿನ ಮುಕ್ಕಾಲು, ಮತ್ತೊಂದು ದಿನ ಎರಡೂ ಕಡೆ ಒಂದೇ. ಮೋಡಕ್ಕೆ ಲೆಕ್ಕ ಬರುವುದಿಲ್ಲವಲ್ಲ. ಪ್ರತಿದಿನ ಒಂದೇ ಪಾಲು ಅಂದರೆ ವ್ಯತ್ಯಾಸ ಇರುವುದು ಅಳೆಯುವ ಸಾಮಾನಿನಲ್ಲಿ.

‘ಅಕ್ಕಾ, ಹೋದ ವರ್ಷ ಮಳೆಮಾಪಕ ಬದಲಾಯಿಸಿದ್ರಾ?’ ಅಂದೆ.

‘ಇಲ್ಲ, ಮಾವನ ಕಾಲದ್ದೇ.’ ಸ್ವಲ್ಪ ತಡೆದು, ‘ಅಳೆಯುವ ಗ್ಲಾಸು ಕೈಜಾರಿ ಒಡೆದಿತ್ತು. ಮಗ ಬೇರೆ ತಂದುಕೊಟ್ಟ’ ಅಂದರು.

ಅಷ್ಟರಲ್ಲಿ ಹೊರಗೆ ಕತ್ತಲಾಗಿತ್ತು. ಯಾರೋ ಬಿಸ್ಕತ್ ಪೊಟ್ಟಣ ಬಿಚ್ಚಿ ಎಲ್ಲರಿಗೂ ಹಂಚಿದರು. ಮುಂದಿನ ಸೀಟಿನ ಅಜ್ಜ 2018ರ ಆಗಸ್ಟ್ ನೆನಪು ತೆಗೆದರು. ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡಗಳು ಜಾರಿ ಮನೆ, ತೋಟ ಎಲ್ಲ ಹೋದ ದಿನಗಳು. ಆವತ್ತಿನಿಂದ ಇಲ್ಲಿ ಮಳೆಯ ಅಂಕಿ ಕೇಳುವುದು ಬರೀ ಕಾಫಿಗಾಗಿ ಅಲ್ಲ ಅಂತ ನನಗೆ ಆ ಬಸ್ಸಿನಲ್ಲಿ ಅರ್ಥವಾಯಿತು. ನಾಲ್ಕು ದಿನ ಬಿಡದೆ ಸುರಿದರೆ, ಗುಡ್ಡದ ಕೆಳಗಿನವರು ನಿನ್ನೆಯ ಅಂಕಿಯನ್ನೂ ಮೊನ್ನೆಯದನ್ನೂ ಕೂಡಿಸಿ ನೋಡಿ ಆಮೇಲೆ ಮಲಗುತ್ತಾರೆ. ಆ ಮಾತು ಕೇಳುತ್ತಾ ಅಕ್ಕ ನನ್ನ ಕೈಲಿದ್ದ ಟಿಕೆಟ್ ತಗೊಂಡು ನೋಟ್‌ಬುಕ್ ಒಳಗೆ ಇಟ್ಟುಕೊಂಡರು. ಮರ ಸರಿಸಿ ಬಸ್ಸು ಹೊರಟಾಗ, ‘ಕಕ್ಕಡ ಹದಿನೆಂಟಕ್ಕೆ ಮನೆಗೆ ಬನ್ನಿ. ಊಟಕ್ಕೂ ಆಯ್ತು, ಗ್ಲಾಸು ನೋಡಲಿಕ್ಕೂ ಆಯ್ತು’ ಅಂದರು.

ಕಕ್ಕಡ ತಿಂಗಳ ಹದಿನೆಂಟು ಅಂದರೆ ಆಗಸ್ಟ್ 3. ಅವತ್ತು ಮದ್ದುಸೊಪ್ಪಿನಲ್ಲಿ ಔಷಧ ತುಂಬಿರುತ್ತದೆ ಅನ್ನುವುದು ಕೊಡಗಿನವರ ನಂಬಿಕೆ. ಸೊಪ್ಪು ಕುದಿಸಿದ ನೇರಳೆ ನೀರಿನಲ್ಲಿ ಪಾಯಸ ಮಾಡುತ್ತಾರೆ. ಅಕ್ಕ ಅದನ್ನೂ ಮಾಡಿದ್ದರು, ಅಕ್ಕಿ ರೊಟ್ಟಿ ಮತ್ತು ಕಣಿಲೆ ಪಲ್ಯವನ್ನೂ ಮಾಡಿದ್ದರು. ಉಂಡ ಮೇಲೆ ಕೊಡೆ ಹಿಡಿದು ಅಂಗಳಕ್ಕೆ ಹೋದೆವು.

ಮಳೆಮಾಪಕ ಅಂದರೆ ದೊಡ್ಡ ಯಂತ್ರವೇನಲ್ಲ. ಮೇಲೊಂದು ಆಲಿಕೆ, ಕೆಳಗೆ ನೀರು ಕೂಡುವ ಬಾಟ್ಲಿ, ಅದನ್ನು ಮುಚ್ಚುವ ಡಬ್ಬ. ಅಳೆಯಲು ಬೇರೆ ಒಂದು ಗೆರೆ ಹಾಕಿದ ಗ್ಲಾಸು. ಗುಟ್ಟು ಇರುವುದು ಆ ಗ್ಲಾಸಿನಲ್ಲಿ. ಆಲಿಕೆಯ ಬಾಯಿ ಅಗಲವಾದಷ್ಟೂ ಅದೇ ಮಳೆಗೆ ಜಾಸ್ತಿ ನೀರು ಸಿಗುತ್ತದೆ. ಹಾಗಾಗಿ ಗ್ಲಾಸಿನ ಗೆರೆಗಳನ್ನು ಒಂದು ನಿರ್ದಿಷ್ಟ ಬಾಯಿಯ ಆಲಿಕೆಗೆ ಅಂತಲೇ ಹಾಕಿರುತ್ತಾರೆ. ಐದು ಇಂಚಿನದ್ದಕ್ಕೆ ಬೇರೆ, ಎಂಟು ಇಂಚಿನದ್ದಕ್ಕೆ ಬೇರೆ. ಒಂದರ ಗ್ಲಾಸು ಇನ್ನೊಂದಕ್ಕೆ ಆಗುವುದಿಲ್ಲ.

ಸ್ಕೇಲ್ ಹಿಡಿದು ಅಕ್ಕನ ಆಲಿಕೆ ಅಳೆದೆ. ಬಾಯಿ ಸರಿಯಾಗಿ ಐದು ಇಂಚು. ಅಂದರೆ ತ್ರಿಜ್ಯ ಎರಡೂವರೆ. ವೃತ್ತದ ವಿಸ್ತೀರ್ಣ 19.6 ಚದರ ಇಂಚು. ಒಂದು ಇಂಚು ಮಳೆ ಬಿದ್ದರೆ ಅದರೊಳಗೆ 19.6 ಘನ ಇಂಚು ನೀರು ಬೀಳಬೇಕು, ಅದು ಸುಮಾರು 322 ಮಿಲಿ. ಮೈಲುತುತ್ತು ಕರಗಿಸಲು ಬಳಸುವ ಪ್ಲಾಸ್ಟಿಕ್ ಅಳತೆ ಜಗ್ಗು ಮನೆಯಲ್ಲೇ ಇತ್ತು. ಚೆನ್ನಾಗಿ ತೊಳೆದು, 322 ಮಿಲಿ ಆಗುವ ಹಾಗೆ ನೋಡಿ ನೀರು ತಗೊಂಡು ಹೊಸ ಗ್ಲಾಸಿಗೆ ಸುರಿದೆವು. ನೀರು ಒಂದು ಇಂಚಿನ ಗೆರೆಗೆ ಬರಬೇಕಿತ್ತು. 39 ಸೆಂಟ್‌ಗೆ ನಿಂತಿತು.

ಅಕ್ಕ ಗ್ಲಾಸನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿದರು. ಆಮೇಲೆ ಅವರೇ ಇನ್ನೊಮ್ಮೆ ಸುರಿದು ನೋಡಿದರು. ಅದು ಎಂಟು ಇಂಚಿನ ಆಲಿಕೆಯ ಗ್ಲಾಸು. ಎಂಟನ್ನು ಐದರಿಂದ ಭಾಗಿಸಿ ವರ್ಗ ಮಾಡಿದರೆ 2.56. ಬಸ್ಸಿನಲ್ಲಿ ನನಗೆ ಸಿಕ್ಕಿದ್ದ ‘ಎರಡೂವರೆಗೆ ಸ್ವಲ್ಪ ಮೇಲೆ’ ಇದೇ. ಆವತ್ತು ಬಸ್ಸಿನಲ್ಲಿ ನೋಡಿದ 1.20 ನಿಜಕ್ಕೆ 3.07. ಆಚೆ ದಡದಲ್ಲಿ ಬಿದ್ದಷ್ಟೇ.

ನಾನು ಖುಷಿಯಲ್ಲಿದ್ದೆ. ಅಕ್ಕ ಸುಮ್ಮನಿದ್ದರು. ಆಮೇಲೆ ಹೇಳಿದರು. ‘ಹೋದ ಮಾರ್ಚ್‌ನಲ್ಲಿ ಹೂಮಳೆ 42 ಸೆಂಟ್ ಅಂತ ಇದರಲ್ಲೇ ನೋಡಿದೆ. ಸಾಲದು ಅಂತ ಸಾಲ ಮಾಡಿ ಡೀಸೆಲ್ ತಂದು ಎರಡು ದಿನ ಸ್ಪ್ರಿಂಕ್ಲರ್ ಹೊಡೆಸಿದೆ.’ 42 ಸೆಂಟನ್ನು 2.56ರಿಂದ ಗುಣಿಸಿದರೆ ಒಂದು ಇಂಚು ಎಂಟು ಸೆಂಟ್. ಕಾಫಿ ಹೂ ಅರಳಲು ಬೇಕಾದಷ್ಟು ಮಳೆ ಆಗಲೇ ಬಂದಿತ್ತು. ಕೆರೆಯ ನೀರೂ ಡೀಸೆಲಿನ ದುಡ್ಡೂ ಬೇಡದ ಕಡೆ ಹೋಗಿತ್ತು. ಬೇರೆಯವರಾಗಿದ್ದರೆ ಗ್ಲಾಸನ್ನು ಬೈಯುತ್ತಿದ್ದರೇನೋ. ಅಕ್ಕ ಒಳಗೆ ಹೋಗಿ ಮಳೆ ಪುಸ್ತಕ ಮತ್ತು ಕೆಂಪು ಪೆನ್ನು ತಂದು ನನ್ನ ಮುಂದೆ ಇಟ್ಟರು. ‘ಸರಿ ಮಾಡುವ’ ಅಂದರು.

ಗ್ಲಾಸು ಒಡೆದ ತಾರೀಖು ಪುಸ್ತಕದಲ್ಲೇ ಇತ್ತು. ಅಲ್ಲಿಂದ ಪ್ರತಿಯೊಂದು ಅಂಕಿಯನ್ನು 2.56ರಿಂದ ಗುಣಿಸುವುದು, ಹಳೆಯದನ್ನು ಅಳಿಸದೆ ಪಕ್ಕದಲ್ಲಿ ಕೆಂಪಿನಲ್ಲಿ ಬರೆಯುವುದು. ಅವರು ಓದಿದರು, ನಾನು ಗುಣಿಸಿದೆ. ಒಂದು ದಿನದಲ್ಲಿ ಮುಗಿಯುವ ಕೆಲಸ ಆಗಿರಲಿಲ್ಲ. ಆ ನೆಪದಲ್ಲಿ ನಾನು ಮತ್ತೆ ಮತ್ತೆ ಹೋದೆ. ಪುಸ್ತಕದ ಪುಟಗಳ ಅಂಚಿನಲ್ಲಿ ಮಳೆಯ ಜೊತೆ ಮನೆಯ ಸುದ್ದಿಯೂ ಇತ್ತು. ನಾಟಿ ಮುಗಿದ ದಿನ, ಹಸು ಕರು ಹಾಕಿದ ದಿನ, ಮಾವ ತೀರಿಕೊಂಡ ದಿನ. ಯಜಮಾನರು ಆಸ್ಪತ್ರೆಯಲ್ಲಿದ್ದ ವಾರವೂ ಮಳೆಯ ಅಂಕಿ ತಪ್ಪಿರಲಿಲ್ಲ. ‘ಬೆಳಿಗ್ಗೆ ಅಳೆದು ಬರೆದು ಆಮೇಲೆ ಆಸ್ಪತ್ರೆಗೆ ಹೋಗ್ತಿದ್ದೆ. ಅವರು ಕೇಳ್ತಿದ್ದರಲ್ಲ’ ಅಂದರು. ಇಂಥ ಮಾತು ನೇರವಾಗಿ ಕೇಳಿದರೆ ಹೊರಗೆ ಬರುವುದಿಲ್ಲ. ಲೆಕ್ಕ ಮಾಡುತ್ತಾ ಕೂತಾಗ ಬರುತ್ತದೆ.

ಪುಸ್ತಕ ಸರಿಯಾಗುವ ಹೊತ್ತಿಗೆ ದಿನಾ ಬೆಳಿಗ್ಗೆ ಮೊಬೈಲಿಗೆ ಅಂಕಿ ಬರುವುದು ರೂಢಿಯಾಗಿತ್ತು. ಬರೀ ಅಂಕಿ. 2.35. 0.80. ಮಳೆ ಇಲ್ಲದ ದಿನ ಸೊನ್ನೆ. ನಾನೂ ಶಾಲೆಯಲ್ಲಿ ಮಕ್ಕಳ ಕೈಲಿ ಒಂದು ಮಳೆಮಾಪಕ ಮಾಡಿಸಿದೆ. ಮೇಲಿಂದ ಕೆಳಗಿನವರೆಗೆ ಒಂದೇ ಅಗಲದ ಡಬ್ಬ ಇದ್ದರೆ ಗ್ಲಾಸಿನ ತಾಪತ್ರಯವೇ ಇಲ್ಲ, ಸ್ಕೇಲ್ ಇಳಿಸಿ ನೀರಿನ ಎತ್ತರ ನೋಡಿದರೆ ಅದೇ ಮಳೆ. ಎಲ್ಲಿ ಇಡಬೇಕು ಅಂತ ಹೇಳಿಕೊಟ್ಟವರು ಅಕ್ಕ. ಮರದ ಹತ್ತಿರ ಬೇಡ, ಸೂರಿನ ಹತ್ತಿರ ಬೇಡ. ಮರ ಎಷ್ಟು ಎತ್ತರ ಇದೆಯೋ ಕನಿಷ್ಠ ಅದರ ಎರಡರಷ್ಟು ದೂರದಲ್ಲಿ ಬಯಲಿಗೆ ಇಡಬೇಕು. ಶಾಲೆಯ ಅಂಕಿ ನಾನು ಕಳಿಸುತ್ತಿದ್ದೆ, ಅವರು ತಮ್ಮ ಪುಸ್ತಕದಲ್ಲಿ ನನಗೂ ಒಂದು ಸಾಲು ಹಾಕಿದ್ದರು.

ಮುಂದಿನ ಮಾರ್ಚ್‌ನಲ್ಲಿ ಒಂದು ಸಂಜೆ ಗುಡುಗಿತು. ಬೆಳಿಗ್ಗೆ ಅಕ್ಕನ ಅಂಕಿ 0.62. ಹಿಂದೆಯೇ ಫೋನೂ ಬಂತು. ‘ಈಗ ಹೇಳು, ಏನು ಮಾಡಲಿ?’ ಅವರಿಗೆ ಗೊತ್ತಿಲ್ಲದೆ ಕೇಳಿದ್ದಲ್ಲ. ನನ್ನನ್ನು ಕರೆಸಿಕೊಳ್ಳಲು ಕೇಳಿದ್ದು.

ರೋಬಸ್ಟಾ ಮೊಗ್ಗು ಬೇಸಿಗೆಯ ಒಣಹವೆಯಲ್ಲಿ ಬೆಳೆಯದೆ ಕಾಯುತ್ತಿರುತ್ತದೆ. ಒಂದು ಇಂಚು ಅಥವಾ ಅದಕ್ಕಿಂತ ಸ್ವಲ್ಪ ಜಾಸ್ತಿ ಮಳೆ ಒಟ್ಟಿಗೆ ಬಿದ್ದರೆ ಎಚ್ಚರವಾಗಿ, ಎಂಟು ಹತ್ತು ದಿನಕ್ಕೆ ಒಂದೇ ಸಲ ಅರಳುತ್ತದೆ. ಅರ್ಧಂಬರ್ಧ ಮಳೆ ಬಿದ್ದರೆ ಕಷ್ಟ. ಮೊಗ್ಗು ಎಚ್ಚರವಾಗುತ್ತದೆ, ಆದರೆ ಅರಳುವ ಶಕ್ತಿ ಇರುವುದಿಲ್ಲ. ಆಗ ತಡಮಾಡದೆ ಉಳಿದ ನೀರನ್ನು ಸ್ಪ್ರಿಂಕ್ಲರಿನಿಂದ ತುಂಬಿಸಬೇಕು. 62 ಸೆಂಟ್ ಸರಿಯಾಗಿ ಆ ನಡುವಿನ ಜಾಗ. ಮರುದಿನವೇ ಕೆರೆಗೆ ಪಂಪ್ ಇಳಿಸಿದರು. ಎಷ್ಟು ಹೊತ್ತು ಬಿಡಬೇಕು ಅನ್ನುವುದಕ್ಕೆ ನಮ್ಮ ಶಾಲೆಯ ಉಪಾಯವನ್ನೇ ಬಳಸಿದೆವು. ಗಿಡಗಳ ನಡುವಿನ ತೆರಪಿನಲ್ಲಿ ಅಲ್ಲಲ್ಲಿ ಒಂದೇ ಅಗಲದ ಡಬ್ಬಗಳನ್ನಿಟ್ಟು, ಅವುಗಳಲ್ಲಿ ಅರ್ಧ ಇಂಚು ನೀರು ನಿಂತ ಕೂಡಲೇ ಪೈಪ್ ಮುಂದಕ್ಕೆ. ಹೋದ ವರ್ಷಕ್ಕಿಂತ ಎಷ್ಟೋ ಕಡಿಮೆ ಡೀಸೆಲ್ ಸಾಕಾಯಿತು. ಆದರೂ ಮೇಲಿನ ಮೂಲೆಯ ಒಂದು ಪಟ್ಟಿಗೆ ಬರುವಷ್ಟರಲ್ಲಿ ಕೆರೆಯ ನೀರು ಮುಗಿದಿತ್ತು.

ಹೂ ಬಿರಿದ ದಿನ ಬೆಳಿಗ್ಗೆ ಬಂದದ್ದು ಅಂಕಿಯಲ್ಲ, ‘ಇವತ್ತೇ ಬಾ’ ಅಂತ ಎರಡು ಪದ. ಹೋಗಿ ನೋಡಿದೆ. ನೀರು ಕೊಟ್ಟ ಕಡೆ ರೆಂಬೆ ಕಾಣದ ಹಾಗೆ ಬಿಳಿ ಹೂ, ಮಲ್ಲಿಗೆಯ ಹಾಗೆ ಘಮ, ಗಿಡದ ತುಂಬಾ ಜೇನುಹುಳ. ಮೇಲಿನ ಮೂಲೆಯಲ್ಲಿ ಅರ್ಧ ಊದಿ ಅಲ್ಲೇ ನಿಂತ ಮೊಗ್ಗುಗಳು. ನಡುವೆ ಗೆರೆ ಎಳೆದ ಹಾಗೆ ಕಾಣುತ್ತಿತ್ತು. ‘ಇವತ್ತು ನಾಳೆ ಮಳೆ ಬರಬಾರದು’ ಅಂದರು ಅಕ್ಕ. ಅರೇಬಿಕಾ ತನ್ನ ಹೂವಿನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ರೋಬಸ್ಟಾಕ್ಕೆ ಬೇರೆ ಗಿಡದ ಪರಾಗವೇ ಬೇಕು, ಅದನ್ನು ಗಾಳಿ ಮತ್ತು ಜೇನು ತರಬೇಕು. ಹೂ ಬಿರಿದ ದಿನ ಮಳೆ ಬಿದ್ದರೆ ಪರಾಗ ತೊಳೆದುಹೋಗುತ್ತದೆ. ಆಮೇಲೆ ಮೂರು ವಾರದ ಹೊತ್ತಿಗೆ ಇನ್ನೊಂದು ಮಳೆ ಬರಬೇಕು, ಕಟ್ಟಿದ ಕಾಯಿ ನಿಲ್ಲುವುದಕ್ಕೆ. ಒಂದೇ ಮಳೆ ಇವತ್ತು ಬೇಡ, ಮೂರು ವಾರ ಬಿಟ್ಟು ಬೇಕು. ಆ ವರ್ಷ ಎರಡೂ ಕೇಳಿದ ಹಾಗೇ ಆಯಿತು.

ಅದಾದ ಮೇಲಿನ ಒಂದು ಮಳೆಗಾಲ ಬೆಳಿಗ್ಗೆ ಒಂಬತ್ತಾದರೂ ಅಂಕಿ ಬರಲಿಲ್ಲ. ಅಂಥ ದಿನ ಅದುವರೆಗೆ ಇರಲಿಲ್ಲ. ಫೋನ್ ಎತ್ತಲಿಲ್ಲ. ನನ್ನ ಹತ್ತಿರ ಆಚೆ ದಡದವರ ನಂಬರ್ ಇತ್ತು, ಮಳೆಯ ಅಂಕಿ ಹೋಲಿಸಲು ತಗೊಂಡದ್ದು. ಅವರಿಗೆ ಹೇಳಿದೆ. ಅವರು ಗದ್ದೆ ದಾಟಿ ಹೋಗಿ ನೋಡಿದರೆ ಅಕ್ಕ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಬಿದ್ದಿದ್ದರು. ಮಣಿಕಟ್ಟು ಮುರಿದಿತ್ತು, ಏಳಲು ಆಗಿರಲಿಲ್ಲ. ವಿರಾಜಪೇಟೆ ಆಸ್ಪತ್ರೆಗೆ ನಾನು ಓಡಿ ಹೋದಾಗ ಪ್ಲಾಸ್ಟರ್ ಹಾಕುತ್ತಿದ್ದರು. ಮಗ ಬೆಂಗಳೂರಿಂದ ಬಂದು ಸೇರುವವರೆಗೆ ನಾನು ಅವರ ಹತ್ತಿರವೇ ಇದ್ದೆ. ಅಕ್ಕ ಮೊದಲು ಕೇಳಿದ್ದು, ‘ಬಾಟ್ಲಿ ಖಾಲಿ ಮಾಡಿದ್ರಾ? ಇಲ್ಲದಿದ್ರೆ ನಾಳೆಯದು ಸೇರಿಹೋಗ್ತದೆ.’ ಆ ತಿಂಗಳ ಪುಟದಲ್ಲಿ ಮೂರು ಜನರ ಕೈಬರಹ ಇದೆ. ಆಚೆ ದಡದವರದು, ಮಗನದು, ನಾನು ಹೋಗಿ ಉಳಿದ ದಿನಗಳಲ್ಲಿ ನನ್ನದು.

ಮಗ ಆಮೇಲೆ ಅಮ್ಮನನ್ನು ಬೆಂಗಳೂರಿಗೆ ಕರೆದ. ಅಕ್ಕ ಹೋಗಲಿಲ್ಲ. ಅಂಗಳದ ಪಾಚಿ ಕೆರೆಸಿ, ಮಳೆಮಾಪಕದವರೆಗೆ ಕಲ್ಲು ಚಪ್ಪಡಿ ಹಾಸಿ, ಹಿಡಿದುಕೊಳ್ಳಲು ಒಂದು ಕಂಬಿ ಕಟ್ಟಿಸಿಕೊಂಡರು. ಮಗನೂ ಈಗ ಬೆಳಿಗ್ಗೆಯ ಅಂಕಿಯ ಗುಂಪಿನಲ್ಲಿದ್ದಾನೆ.

ನನಗೆ ವರ್ಗವಾಗಿ ಊರ ಕಡೆ ಬಂದಿದ್ದೇನೆ. ಇಲ್ಲಿಯ ಶಾಲೆಯ ಬಯಲಿನಲ್ಲೂ ಒಂದು ಡಬ್ಬ ಇಟ್ಟಿದ್ದೇವೆ. ಮಕ್ಕಳು ಮಿಲಿಮೀಟರಿನಲ್ಲಿ ಬರೆಯುತ್ತಾರೆ. ಮೊನ್ನೆ ಒಳ್ಳೆ ಮಳೆ ಬಂತು, 32 ಮಿಲಿಮೀಟರ್. ಹಾಗೇ ಕಳಿಸಿದೆ. ತಕ್ಷಣ ಫೋನ್ ಬಂತು.

‘ಮಿಲಿಮೀಟರ್ ನನಗೆ ಬೇಡ. ಇಂಚಿನಲ್ಲಿ ಹೇಳು.’

‘ಒಂದು ಇಂಚು ಇಪ್ಪತ್ತಾರು ಸೆಂಟ್, ಅಕ್ಕಾ.’

‘ಹೂಮಳೆಗೆ ಸಾಕಿತ್ತಲ್ಲ’ ಅಂದರು. ‘ಆಚೆ ಊರವರನ್ನೂ ಕೇಳಿ ಬರೆದಿಟ್ಟುಕೋ. ಒಂದೇ ಡಬ್ಬ ನಂಬಬೇಡ.’